ಸೂಚ್ಯಂಕ: 140ರಿಂದ 154 ಅಂದರೆ ಶೇ. 14 ಅಲ್ಲ

"ಸೂಚ್ಯಂಕ 140ರಿಂದ 154ಕ್ಕೆ ಏರಿದೆ, ಅಂದರೆ ಶೇ. 14 ಬೆಳವಣಿಗೆ." ಈ ಥರದ ಸಾಲು ಮಾರಾಟದ ವರದಿಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ತಪ್ಪು. ಏರಿದ್ದು 14 ಪಾಯಿಂಟ್, ಬೆಳೆದದ್ದು ಶೇ. 10.

ಒಂದು ಉದಾಹರಣೆ ಮಾಡಿಕೊಳ್ಳೋಣ. ಜನವರಿಯಲ್ಲಿ 40,000 ಪೆನ್ನು, 250 ಪ್ರಿಂಟರ್ ಮಾರಾಟವಾಗಿವೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ಪ್ರಿಂಟರ್ ಗೆರೆ ತಳಕ್ಕೆ ಅಂಟಿಕೊಂಡು ಮಲಗಿರುತ್ತದೆ. ಅದಕ್ಕೇ ಎರಡರ ಜನವರಿಯನ್ನೂ 100 ಎಂದು ಹಿಡಿಯುವುದು. ಜೂನ್‌ನಲ್ಲಿ ಪೆನ್ನು 44,000 ಆದರೆ ಅದರ ಸೂಚ್ಯಂಕ 110. ಪ್ರಿಂಟರ್ 350 ಆದರೆ 140. ಪ್ರಿಂಟರ್ ಜಾಸ್ತಿ ಮಾರಾಟವಾಯಿತು ಅಂತ ಇದರರ್ಥವಲ್ಲ, ತನ್ನದೇ ಜನವರಿಗಿಂತ ಜಾಸ್ತಿ ಬೆಳೆಯಿತು ಅಂತ ಅಷ್ಟೇ.

ಇನ್ನು ಜುಲೈ. ಪೆನ್ನು 48,400, ಪ್ರಿಂಟರ್ 385. ಸೂಚ್ಯಂಕ 121 ಮತ್ತು 154. ಪೆನ್ನು 11 ಪಾಯಿಂಟ್ ಏರಿತು, ಪ್ರಿಂಟರ್ 14. ಹಾಗಾದರೆ ಈ ತಿಂಗಳು ಪ್ರಿಂಟರ್ ಮುಂದು ಅಲ್ವಾ? ಅಲ್ಲ. 121ನ್ನು 110ರಿಂದ ಭಾಗಿಸಿ, 154ನ್ನು 140ರಿಂದ ಭಾಗಿಸಿ. ಎರಡೂ 1.1. ಎರಡೂ ಬೆಳೆದದ್ದು ಶೇ. 10. ಪಾಯಿಂಟನ್ನು ನೇರವಾಗಿ ಶೇಕಡಾ ಎಂದು ಓದಬಹುದಾದದ್ದು 100ರಿಂದ ಹೊರಟಾಗ ಮಾತ್ರ. ಮೇಲಕ್ಕೆ ಹೋದಷ್ಟೂ ಒಂದು ಪಾಯಿಂಟಿನ ತೂಕ ಕಡಿಮೆಯಾಗುತ್ತದೆ. ಗ್ರಾಫ್ ನೋಡಿದರೂ ಮೋಸವೇ: ಪ್ರಿಂಟರ್ ಗೆರೆ ಕಡಿದಾಗಿ ಕಾಣುತ್ತದೆ. ಅನುಮಾನ ಇದ್ದರೆ ಜೂನ್ ಅನ್ನೇ 100 ಮಾಡಿ ನೋಡಿ. ಜುಲೈಗೆ ಎರಡೂ 110ಕ್ಕೆ ಬಂದು ಕೂರುತ್ತವೆ. ಆಧಾರದ ತಿಂಗಳು ಬದಲಾದರೆ ಪಾಯಿಂಟುಗಳು ಬದಲಾಗುತ್ತವೆ, ಶೇಕಡಾ ಬದಲಾಗುವುದಿಲ್ಲ.

ಆಧಾರದ ತಿಂಗಳನ್ನು ಸುಮ್ನೆ ಆರಿಸುವುದೂ ತಪ್ಪೇ. ಜನವರಿಯಲ್ಲಿ ಸ್ಟಾಕ್ ಇಲ್ಲದೆ ಪ್ರಿಂಟರ್ 125 ಮಾತ್ರ ಹೋಗಿದ್ದರೆ, ಜೂನ್‌ನ ಅದೇ 350ಕ್ಕೆ ಸೂಚ್ಯಂಕ 280 ಬರುತ್ತಿತ್ತು. ಅದು ಬೆಳವಣಿಗೆಯಲ್ಲ, ಖಾಲಿ ಗೋದಾಮಿನ ಕೊಡುಗೆ. ತಿಂಗಳಿಂದ ತಿಂಗಳಿಗೆ ಏರಿಳಿತ ಜಾಸ್ತಿ ಇರುವ ಸರಕಿಗೆ ಒಂದು ವರ್ಷದ ಸರಾಸರಿಯನ್ನು 100 ಎಂದು ಹಿಡಿಯುವುದು ವಾಸಿ. ಎಲ್ಲ ಸರಕಿಗೂ ಅದೇ ವರ್ಷ ಇರಲಿ.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಜನವರಿಯ ಅಂಕಿ B2ನಲ್ಲಿದ್ದರೆ C2ನಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=B2/B$2*100
```

ಆ `$` ಬಿಟ್ಟರೆ ಪ್ರತಿ ಸಾಲೂ ತನ್ನನ್ನು ತಾನೇ ಭಾಗಿಸಿಕೊಂಡು ಕೆಳಗಿನವರೆಗೂ ಬರೀ 100 ತೋರಿಸುತ್ತದೆ.