ಎರಡು ಆಪ್, ಒಂದು ಪರದೆ, ನಡುವೆ ಕೀಬೋರ್ಡ್

ಪಿಡಿಎಫ್‌ನಲ್ಲಿರುವ 16 ಅಂಕಿಯ ನೋಂದಣಿ ಸಂಖ್ಯೆಯನ್ನು ಬ್ರೌಸರ್‌ನಲ್ಲಿ ತೆರೆದಿರುವ ಅರ್ಜಿಗೆ ತುಂಬಬೇಕು. ಪಿಡಿಎಫ್ ಸ್ಕ್ಯಾನ್ ಮಾಡಿದ್ದು, ಹಾಗಾಗಿ ಕಾಪಿ ಮಾಡಲು ಬರುವುದಿಲ್ಲ. ನಾಲ್ಕು ಅಂಕಿ ನೆನಪಿಟ್ಟುಕೊಂಡು ಬ್ರೌಸರ್‌ಗೆ ಹೋಗಿ ಒತ್ತಿ, ಮತ್ತೆ ಪಿಡಿಎಫ್‌ಗೆ ಬಂದು ಮುಂದಿನ ನಾಲ್ಕು ನೋಡಿ, ಹೀಗೆ ಓಡಾಡುವಾಗ ಎಲ್ಲೋ ಒಂದು ಅಂಕಿ ಅದಲುಬದಲಾಗುತ್ತದೆ. ಪರದೆಯನ್ನು ಎರಡು ಪಾಲು ಮಾಡಿ ಎರಡು ಆಪ್‌ಗಳನ್ನು ಒಟ್ಟಿಗೆ ತೋರಿಸುವ ಸ್ಪ್ಲಿಟ್ ಸ್ಕ್ರೀನ್ ಇರುವುದು ಇಂಥ ಕೆಲಸಕ್ಕೇ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಇದು ಮೂಲ ವ್ಯವಸ್ಥೆಯಲ್ಲೇ ಇದೆ. ಆದರೂ ಬಹಳ ಜನ ಒಮ್ಮೆ ಪ್ರಯತ್ನಿಸಿ ಕೈಬಿಟ್ಟಿರುತ್ತಾರೆ. ಅವರನ್ನು ಸೋಲಿಸಿದ್ದು ಸ್ಪ್ಲಿಟ್ ಸ್ಕ್ರೀನ್ ಅಲ್ಲ, ಕೀಬೋರ್ಡ್.

ಲೆಕ್ಕ ಸರಳ. 6.5 ಇಂಚಿನ, 20:9 ಅನುಪಾತದ ಪರದೆ ಸುಮಾರು 15 ಸೆಂ.ಮೀ. ಎತ್ತರ ಇರುತ್ತದೆ. ಸಮಭಾಗ ಮಾಡಿದರೆ ಒಂದೊಂದು ಆಪ್‌ಗೂ ಏಳೂವರೆ ಸೆಂ.ಮೀ. ಕೀಬೋರ್ಡ್ ಎದ್ದಾಗ ಅದೊಂದೇ ನಾಲ್ಕೂವರೆಯಿಂದ ಐದು ಸೆಂ.ಮೀ. ತಿನ್ನುತ್ತದೆ, ಅದೂ ಯಾವಾಗಲೂ ಕೆಳಗಿನಿಂದ. ಆದ್ದರಿಂದ ಯಾವ ಆಪ್ ಮೇಲೆ, ಯಾವುದು ಕೆಳಗೆ ಎನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಬರೆಯುವ ಆಪ್ ಅನ್ನು ಮೇಲಿಟ್ಟರೆ ಕೀಬೋರ್ಡ್ ಕೆಳಗಿನ ಆಪ್‌ನ ಮೇಲೆ ಕೂರುತ್ತದೆ. ಅಂದರೆ ನೋಡಿ ಬರೆಯಬೇಕಾದ ಪಿಡಿಎಫ್‌ನ ಹೆಚ್ಚಿನ ಭಾಗ ಮುಚ್ಚಿಹೋಗುತ್ತದೆ. ಬರೆಯುವ ಆಪ್ ಕೆಳಗಿದ್ದರೆ, ಈಚಿನ ಆಂಡ್ರಾಯ್ಡ್ ಆವೃತ್ತಿಗಳಿರುವ ಹೆಚ್ಚಿನ ಫೋನ್‌ಗಳಲ್ಲಿ, ಕೀಬೋರ್ಡ್ ಎದ್ದಾಗ ಎರಡೂ ಕಿಟಕಿಗಳು ಒಟ್ಟಾಗಿ ಮೇಲಕ್ಕೆ ಸರಿಯುತ್ತವೆ. ಮೇಲಿನ ಆಪ್‌ನ ತಲೆಭಾಗ ಪರದೆಯ ಆಚೆ ಹೋಗುತ್ತದೆ, ಬುಡ ಮಾತ್ರ ಕಾಣುತ್ತದೆ. ಇದನ್ನು ತಿಳಿದವರಿಗೆ ಅನುಕೂಲವೇ: ಓದಬೇಕಾದ ಸಾಲನ್ನು ಮೇಲಿನ ಕಿಟಕಿಯ ತಳಕ್ಕೆ, ನಡುಗೆರೆಗೆ ತಾಗುವ ಹಾಗೆ, ಮೊದಲೇ ಸರಿಸಿಟ್ಟುಕೊಳ್ಳಿ. ಕೀಬೋರ್ಡ್ ಬಂದ ಮೇಲೂ ಅದು ಕಣ್ಣೆದುರೇ ಇರುತ್ತದೆ. ಓದುವುದು ಮೇಲೆ, ಬರೆಯುವುದು ಕೆಳಗೆ ಎಂದು ಇಟ್ಟುಕೊಂಡರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಈಗ ಕ್ರಮ. ಮೊದಲು ಎರಡೂ ಆಪ್‌ಗಳನ್ನು ಒಮ್ಮೆ ತೆರೆದು ಬೇಕಾದ ಪುಟಕ್ಕೆ ತಂದಿಡಿ, ಆಗ ಎರಡೂ ಈಚೆಗೆ ಬಳಸಿದ ಆಪ್‌ಗಳನ್ನು ತೋರಿಸುವ ರೀಸೆಂಟ್ಸ್ ಪಟ್ಟಿಯಲ್ಲಿ ಹತ್ತಿರದಲ್ಲೇ ಸಿಗುತ್ತವೆ. ಪರದೆಯ ತಳದಿಂದ ಮೇಲಕ್ಕೆ ಎಳೆದು ಅರೆಕ್ಷಣ ಹಿಡಿದರೆ ರೀಸೆಂಟ್ಸ್ ಬರುತ್ತದೆ. ಮೂರು ಬಟನ್ ಇರುವ ಫೋನ್‌ನಲ್ಲಿ ಅದಕ್ಕೆಂದೇ ಇರುವ ಬಟನ್ ಒತ್ತಿದರಾಯಿತು. ಪಿಡಿಎಫ್‌ನ ಕಾರ್ಡ್ ಹುಡುಕಿ, ಕಾರ್ಡನ್ನಲ್ಲ, ಅದರ ತಲೆಯ ಮೇಲಿನ ಪುಟ್ಟ ಐಕಾನ್ ಅನ್ನು ಮುಟ್ಟಿ. ಬರುವ ಪಟ್ಟಿಯಲ್ಲಿ Split screen ಆರಿಸಿದರೆ ಆ ಆಪ್ ಮೇಲಕ್ಕೆ ಹೋಗಿ ಕೂರುತ್ತದೆ. ನಂತರ ಬ್ರೌಸರ್‌ನ ಕಾರ್ಡ್ ಮುಟ್ಟಿದರೆ ಅದು ಕೆಳಗೆ ಬರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದೇ ಆಯ್ಕೆಯ ಹೆಸರು Open in split screen view. ಶವೋಮಿಯ ಹಲವು ಫೋನ್‌ಗಳಲ್ಲಿ ಕಾರ್ಡನ್ನು ಒತ್ತಿ ಹಿಡಿಯಬೇಕು. ಒಪ್ಪೋ, ರಿಯಲ್‌ಮಿ ಬಳಸುವವರಿಗೆ ಮೂರು ಬೆರಳನ್ನು ಮೇಲಕ್ಕೆ ಎಳೆಯುವ ಅಡ್ಡದಾರಿಯೂ ಇದೆ. ಮೇಲೆ ಕೆಳಗೆ ತಪ್ಪಾಗಿ ಕೂತಿದ್ದರೆ ಹೊಸದಾಗಿ ಶುರು ಮಾಡಬೇಕಿಲ್ಲ. ಹೊಸ ಆವೃತ್ತಿಗಳಲ್ಲಿ ನಡುಗೆರೆಯನ್ನು ಎರಡು ಸಲ ತಟ್ಟಿದರೆ ಜಾಗ ಅದಲುಬದಲಾಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ನಡುಗೆರೆಯ ಚುಕ್ಕಿಗಳನ್ನು ಮುಟ್ಟಿದರೆ ಅದಕ್ಕೊಂದು ಗುರುತು ಕಾಣುತ್ತದೆ.

ನಡುಗೆರೆಯನ್ನು ಕೆಳಗೆ ಎಳೆದು ಮೇಲಿನ ಪಾಲನ್ನು ಹಿಗ್ಗಿಸುವ ಆಸೆ ಸಹಜ, ಪಿಡಿಎಫ್ ದೊಡ್ಡದಾಗಿ ಕಾಣಲಿ ಎಂದು. ಬರೆಯುವ ಕೆಲಸವಿದ್ದಾಗ ಇದನ್ನು ಮಾಡಬೇಡಿ. ಕೀಬೋರ್ಡ್‌ಗೆ ಬೇಕಾದ ಐದು ಸೆಂ.ಮೀ. ಕಡಿಮೆಯಾಗುವುದಿಲ್ಲ, ಅರ್ಜಿಯ ಜಾಗ ಮಾತ್ರ ಕುಗ್ಗಿ ಯಾವ ಪೆಟ್ಟಿಗೆಯಲ್ಲಿ ಒತ್ತುತ್ತಿದ್ದೀರಿ ಎಂದೇ ಕಾಣದಂತಾಗುತ್ತದೆ. ಸಮಭಾಗ ಇಟ್ಟುಕೊಂಡು ಪಿಡಿಎಫ್ ಅನ್ನು ಎರಡು ಬೆರಳಲ್ಲಿ ಹಿಗ್ಗಿಸಿಕೊಳ್ಳಿ. ಫೋನ್ ಅಡ್ಡ ಹಿಡಿಯುವುದು ಇನ್ನೂ ಕೆಟ್ಟದ್ದು. ಎರಡು ಕಿಟಕಿಗಳು ಪಕ್ಕಪಕ್ಕ ಚೆನ್ನಾಗಿಯೇ ಕಾಣುತ್ತವೆ, ಆದರೆ ಕೀಬೋರ್ಡ್ ಎದ್ದ ಕೂಡಲೇ ಏಳು ಸೆಂ.ಮೀ. ಎತ್ತರದಲ್ಲಿ ಉಳಿಯುವುದು ಒಂದು ಪಟ್ಟಿಯಷ್ಟೇ. ಅಡ್ಡ ಪರದೆ ನೋಡುವುದಕ್ಕೆ, ಹೋಲಿಸುವುದಕ್ಕೆ ಸರಿ. ಬರೆಯುವುದಕ್ಕೆ ಅಲ್ಲ.

ಹೀಗೆಲ್ಲ ಹೊಂದಿಸಿದ ಮೇಲೂ ಇಕ್ಕಟ್ಟು ಅನಿಸಿದರೆ ತೇಲುವ ಕೀಬೋರ್ಡ್ ಇದೆ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನ ಮೇಲಂಚಿನಲ್ಲಿ ನಾಲ್ಕು ಚೌಕಗಳ ಗುರುತು ಮುಟ್ಟಿದರೆ ಬರುವ ಪಟ್ಟಿಯಲ್ಲಿ Floating ಎಂದಿರುತ್ತದೆ. ಅದನ್ನು ಒತ್ತಿದರೆ ಕೀಬೋರ್ಡ್ ತಳ ಬಿಟ್ಟು ಚಿಕ್ಕದಾಗುತ್ತದೆ, ತಳದ ಹಿಡಿಯಿಂದ ಎಲ್ಲಿಗೆ ಬೇಕಾದರೂ ಎಳೆಯಬಹುದು. ಆಗ ಕಿಟಕಿಗಳು ಸರಿಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಂಕಿಗಳಷ್ಟೇ ಒತ್ತುವುದಿದ್ದರೆ ಇದು ಸಾಕು. ಉದ್ದದ ಕನ್ನಡ ವಾಕ್ಯಗಳನ್ನು ಬರೆಯಲು ಕೀಲಿಗಳು ತೀರಾ ಚಿಕ್ಕವಾಗುತ್ತವೆ. ಹಿಡಿಯನ್ನು ತಳಕ್ಕೆ ಎಳೆದುಬಿಟ್ಟರೆ ಕೀಬೋರ್ಡ್ ಮೊದಲಿನ ಜಾಗಕ್ಕೆ ಅಂಟಿಕೊಳ್ಳುತ್ತದೆ.

ಇನ್ನೊಂದು ಅನಾಹುತ ಅರ್ಜಿ ತುಂಬುವವರನ್ನು ಬಹಳ ಕಾಡುತ್ತದೆ. ಅರ್ಧ ತುಂಬಿದ ಮೇಲೆ ಸ್ಪ್ಲಿಟ್ ಸ್ಕ್ರೀನ್ ಮಾಡಿದರೆ ಬರೆದದ್ದೆಲ್ಲ ಮಾಯವಾಗಬಹುದು. ಕಿಟಕಿಯ ಅಳತೆ ಬದಲಾದಾಗ ಆಂಡ್ರಾಯ್ಡ್ ಅದನ್ನು ಫೋನ್ ತಿರುಗಿಸಿದಂತೆಯೇ ಪರಿಗಣಿಸುತ್ತದೆ. ಹೊಸ ಅಳತೆಗೆ ತಾನೇ ಹೊಂದಿಕೊಳ್ಳುವ ಏರ್ಪಾಡು ಇಲ್ಲದ ಆಪ್‌ನ ಆ ಪುಟವನ್ನು ವ್ಯವಸ್ಥೆ ಕೆಡವಿ ಮತ್ತೆ ಕಟ್ಟುತ್ತದೆ. ಚೆನ್ನಾಗಿ ಬರೆದ ಆಪ್ ತನ್ನ ಸ್ಥಿತಿಯನ್ನು ಉಳಿಸಿಕೊಂಡಿರುತ್ತದೆ, ಉಳಿದವು ಖಾಲಿ ಪುಟ ತೋರಿಸುತ್ತವೆ. ಬ್ರೌಸರ್‌ನಲ್ಲಿ ಕಾರಣ ಬೇರೆ: ಮೆಮೊರಿ ಸಾಲದಿದ್ದರೆ ಹಿಂದೆ ಸರಿದ ಪುಟವನ್ನು ಅದು ಬಿಟ್ಟುಕೊಡುತ್ತದೆ, ಮರಳಿದಾಗ ಪುಟ ಮೊದಲಿನಿಂದ ಲೋಡ್ ಆಗುತ್ತದೆ. ಆದ್ದರಿಂದ ಮೊದಲು ಪರದೆ ಹಂಚಿ, ಗೆರೆ ಹೊಂದಿಸಿ, ಆಮೇಲೆ ಮೊದಲ ಅಕ್ಷರ ಬರೆಯಿರಿ. ಸಲ್ಲಿಸುವವರೆಗೆ ಗೆರೆಯನ್ನು ಮುಟ್ಟಬೇಡಿ, ಫೋನ್ ತಿರುಗದಂತೆ ಆಟೋ ರೊಟೇಟ್ ಆಫ್ ಮಾಡಿಡಿ. ಹಣ ಪಾವತಿಯ ಹಂತ ಬಂದಾಗ ಪೂರ್ತಿ ಪರದೆ ಬೇಕು ಎನಿಸಿದರೂ ಆ ಗಳಿಗೆಯಲ್ಲಿ ಗೆರೆ ಎಳೆಯುವುದು ಜಾಣತನವಲ್ಲ.

ಕೆಲವು ಆಪ್‌ಗಳು ಹಂಚಿಕೊಳ್ಳಲು ಒಪ್ಪುವುದೇ ಇಲ್ಲ. ಐಕಾನ್ ಮುಟ್ಟಿದಾಗ Split screen ಆಯ್ಕೆ ಕಾಣದಿದ್ದರೆ, ಅಥವಾ ಈ ಆಪ್‌ಗೆ ಸ್ಪ್ಲಿಟ್ ಸ್ಕ್ರೀನ್ ಬೆಂಬಲವಿಲ್ಲ ಎಂಬ ಸಂದೇಶ ಬಂದರೆ, ಆಪ್ ತಯಾರಿಸಿದವರೇ ಅಳತೆ ಬದಲಾಯಿಸಬಾರದು ಎಂದು ಗುರುತು ಹಾಕಿದ್ದಾರೆ ಎಂದರ್ಥ. ಆಟಗಳು, ಕ್ಯಾಮೆರಾ, ಕೆಲವು ಬ್ಯಾಂಕ್ ಆಪ್‌ಗಳು ಈ ಗುಂಪಿನವು. ಯಾವ ಆಪ್‌ನಲ್ಲೂ ಆಯ್ಕೆ ಬರದಿದ್ದರೆ ತೊಂದರೆ ಆಪ್‌ನದ್ದಲ್ಲ. ತೀರಾ ಕಡಿಮೆ ರ‍್ಯಾಮ್‌ನ ಅಗ್ಗದ ಫೋನ್‌ಗಳಲ್ಲಿ ಈ ಸೌಲಭ್ಯವನ್ನೇ ಮುಚ್ಚಿರುತ್ತಾರೆ. ಆಪ್ ತಯಾರಿಸುವವರಿಗಾಗಿ ಸೆಟ್ಟಿಂಗ್ಸ್‌ನಲ್ಲಿ ಅಡಗಿಸಿಟ್ಟಿರುವ ಡೆವಲಪರ್ ಆಯ್ಕೆಗಳಲ್ಲಿ Force activities to be resizable ಎಂಬ ಸ್ವಿಚ್ ಇದೆ, ಅದನ್ನು ಆನ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿದರೆ ಹಠಮಾರಿ ಆಪ್‌ಗಳಲ್ಲಿ ಹಲವು ಬಗ್ಗುತ್ತವೆ. ಸ್ಯಾಮ್‌ಸಂಗ್‌ನಲ್ಲಾದರೆ ಡೆವಲಪರ್ ಆಯ್ಕೆಗೆ ಹೋಗುವ ಮೊದಲು ಸೆಟ್ಟಿಂಗ್ಸ್‌ನ ಲ್ಯಾಬ್ಸ್ ವಿಭಾಗದಲ್ಲಿ Multi window for all apps ಇದೆಯೇ ನೋಡಿ. ಬಲವಂತ ಮಾಡಿದಾಗ ಬಟನ್‌ಗಳು ಪರದೆಯ ಆಚೆ ಉಳಿಯುವುದು, ಚಿತ್ರ ಕತ್ತರಿಸಿದಂತೆ ಕಾಣುವುದು ಮಾಮೂಲಿ. ಅಲ್ಲದೆ ಡೆವಲಪರ್ ಆಯ್ಕೆ ಆನ್ ಇದ್ದರೆ ಕೆಲವು ಬ್ಯಾಂಕ್ ಆಪ್‌ಗಳು ತೆರೆಯುವುದೇ ಇಲ್ಲ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಒಂದು ಆಪ್‌ನ ಮೇಲೆ ಇನ್ನೊಂದನ್ನು ಚಿಕ್ಕದಾಗಿ ತೋರಿಸುವ ತೇಲುವ ಕಿಟಕಿಯ ಕೆಲಸವೇ ಬೇರೆ. ಅರ್ಜಿ ತುಂಬುತ್ತಿದ್ದಾಗ ಸಂದೇಶದಲ್ಲಿ ಬಂದ ಒಂದು ಸಂಖ್ಯೆ ನೋಡಬೇಕು, ಅಥವಾ ಕ್ಯಾಲ್ಕುಲೇಟರ್‌ನಲ್ಲಿ ಒಂದು ಮೊತ್ತ ಕೂಡಬೇಕು. ಅರ್ಧ ನಿಮಿಷದ ಈ ಕೆಲಸಕ್ಕೆ ಪರದೆ ಹಂಚುವುದು ಅತಿಯಾಯಿತು. ಸ್ಯಾಮ್‌ಸಂಗ್‌ನಲ್ಲಿ ರೀಸೆಂಟ್ಸ್‌ನ ಅದೇ ಐಕಾನ್ ಪಟ್ಟಿಯಿಂದ Open in pop-up view ಆರಿಸಬೇಕು. ಶವೋಮಿ, ಒಪ್ಪೋ, ವಿವೋ ತಮ್ಮ ತಮ್ಮ ಹೆಸರಿನಲ್ಲಿ ಇದನ್ನೇ ಕೊಟ್ಟಿವೆ. ಇದರಿಂದ ಕೆಳಗಿರುವ ಆಪ್‌ನ ಅಳತೆ ಬದಲಾಗುವುದಿಲ್ಲ, ಹಾಗಾಗಿ ಅರ್ಧ ತುಂಬಿದ ಅರ್ಜಿಗೆ ಇದೇ ಸುರಕ್ಷಿತ. ಮೇಲಂಚಿನ ಹಿಡಿಯಿಂದ ಕಿಟಕಿಯನ್ನು ಸರಿಸಿ, ಮೂಲೆಯಿಂದ ಹಿಗ್ಗಿಸಿ ಕುಗ್ಗಿಸಿ. ಕೆಲವು ಫೋನ್‌ಗಳಲ್ಲಿ ಇದು ಪೂರ್ತಿ ಪರದೆಯನ್ನೇ ಕಿರಿದಾಗಿಸಿ ತೋರಿಸುತ್ತದೆ, ಅಕ್ಷರಗಳೂ ಅಷ್ಟೇ ಚಿಕ್ಕವಾಗುತ್ತವೆ. ಅಲ್ಲಿ ನೋಡಬಹುದು, ಬರೆಯುವುದು ಕಷ್ಟ.

ಇದನ್ನು ಅಂಗಡಿಯಲ್ಲಿ ಸಿಗುವ, ಅಂದರೆ ಪ್ಲೇ ಸ್ಟೋರ್‌ನಿಂದ ಇಳಿಸಿಕೊಳ್ಳುವ, ತೇಲುವ ಆಪ್‌ಗಳ ಜೊತೆ ಬೆರೆಸಬೇಡಿ. ಅವು ಕೇಳುವುದು Display over other apps ಎಂಬ ಅನುಮತಿ. ಅದು ಸಿಕ್ಕರೆ ಬೇರೆ ಆಪ್‌ನ ಬಟನ್ ಮೇಲೆ ತನ್ನ ಚಿತ್ರವನ್ನು ಹೊದಿಸಿ ನಿಮ್ಮ ಬೆರಳನ್ನು ದಾರಿ ತಪ್ಪಿಸಲು ಸಾಧ್ಯ. ಅದಕ್ಕೇ ಕೆಲವು ಆಪ್‌ಗಳು ಮೇಲೇನಾದರೂ ಹೊದಿಕೆ ಇದ್ದಾಗ ಮುಟ್ಟಿದ್ದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಪಾವತಿ ಪುಟದಲ್ಲಿ ಬಟನ್ ಎಷ್ಟು ಒತ್ತಿದರೂ ಸುಮ್ಮನಿದ್ದರೆ ಮೊದಲು ಹುಡುಕಬೇಕಾದದ್ದು ಪರದೆಯ ಮೇಲೆ ತೇಲುತ್ತಿರುವ ಗುಳ್ಳೆ, ರೆಕಾರ್ಡರ್ ಅಥವಾ ಬಣ್ಣ ಮಂಕು ಮಾಡುವ ಫಿಲ್ಟರ್ ಆಪ್. ಅದನ್ನು ಮುಚ್ಚಿದರೆ ಬಟನ್ ಕೆಲಸ ಮಾಡುತ್ತದೆ.

ವಿಡಿಯೊ ಪಾಠ ಮೇಲೆ, ಟಿಪ್ಪಣಿ ಕೆಳಗೆ ಇಡುವವರಿಗೆ ಎರಡು ಮಾತು. ಆಂಡ್ರಾಯ್ಡ್ 9ರವರೆಗೆ ಕೊನೆಯದಾಗಿ ಮುಟ್ಟಿದ ಆಪ್ ಮಾತ್ರ ಪೂರ್ಣ ಎಚ್ಚರದಲ್ಲಿರುತ್ತಿತ್ತು, ಹಾಗಾಗಿ ಟಿಪ್ಪಣಿ ಮುಟ್ಟಿದರೆ ಕೆಲವು ಆಪ್‌ಗಳಲ್ಲಿ ವಿಡಿಯೊ ನಿಲ್ಲುತ್ತಿತ್ತು. ಆಂಡ್ರಾಯ್ಡ್ 10ರಿಂದ ಎರಡೂ ಒಟ್ಟಿಗೆ ಎಚ್ಚರವಾಗಿರುತ್ತವೆ. ಧ್ವನಿ ಮಾತ್ರ ಈಗಲೂ ಸಾಮಾನ್ಯವಾಗಿ ಒಂದೇ ಆಪ್‌ಗೆ ಸಲ್ಲುತ್ತದೆ. ಟಿಪ್ಪಣಿಯನ್ನು ಬಾಯಲ್ಲಿ ಹೇಳಿ ಬರೆಸಲು ಮೈಕ್ ಒತ್ತಿದರೆ ಪಾಠ ನಿಂತುಬಿಡುತ್ತದೆ. ಅದು ದೋಷವಲ್ಲ, ಪಾಠದ ದನಿಯೇ ಟಿಪ್ಪಣಿಗೆ ಇಳಿಯದಿರಲಿ ಎಂಬ ಏರ್ಪಾಡು.

ಒಂದೇ ಜೋಡಿಯನ್ನು ದಿನಾ ಬಳಸುವುದಿದ್ದರೆ ಉಳಿಸಿಕೊಳ್ಳಿ. ಸ್ಯಾಮ್‌ಸಂಗ್‌ನಲ್ಲಿ ನಡುಗೆರೆಯ ಚುಕ್ಕಿಗಳನ್ನು ಮುಟ್ಟಿದಾಗ ಬರುವ ನಕ್ಷತ್ರ ಒತ್ತಿದರೆ ಜೋಡಿ ಹೋಮ್ ಪರದೆಗೋ ಅಂಚಿನ ಪಟ್ಟಿಗೋ ಸೇರುತ್ತದೆ. ಪಿಕ್ಸೆಲ್‌ನ ಈಚಿನ ಆವೃತ್ತಿಗಳಲ್ಲಿ ಹಂಚಿದ ಜೋಡಿಯ ಕಾರ್ಡ್ ಮೇಲಿನ ಐಕಾನ್ ಮುಟ್ಟಿ Save app pair ಆರಿಸಬೇಕು. ಉಳಿಯುವುದು ಆಪ್‌ಗಳ ಹೆಸರು ಮತ್ತು ಜಾಗ ಮಾತ್ರ. ಒಳಗೆ ಯಾವ ಪಿಡಿಎಫ್ ತೆರೆದಿತ್ತು, ಯಾವ ಪುಟದಲ್ಲಿತ್ತು ಎನ್ನುವುದನ್ನು ಈ ಜೋಡಿ ನೆನಪಿಡುವುದಿಲ್ಲ, ಅದನ್ನು ನೀವೇ ತೆರೆದುಕೊಳ್ಳಬೇಕು.