ಗೆರೆ ಬಿಟ್ಟ ಚುಕ್ಕಿಗಳು: ಶೇಷಗಳ ಕ್ಯೂ-ಕ್ಯೂ ನಕ್ಷೆಯನ್ನು ಓದುವ ಬಗೆ

R ತಂತ್ರಾಂಶದ ಜೊತೆಗೇ ಬರುವ `cars` ಎಂಬ ಪುಟ್ಟ ದತ್ತಾಂಶದಲ್ಲಿ 1920ರ ದಶಕದ 50 ಅಳತೆಗಳಿವೆ: ಕಾರಿನ ವೇಗ ಗಂಟೆಗೆ ಎಷ್ಟು ಮೈಲಿ ಇತ್ತು, ಅದು ನಿಲ್ಲಲು ಎಷ್ಟು ಅಡಿ ಬೇಕಾಯಿತು ಎಂಬುದಷ್ಟೇ. ಇದಕ್ಕೊಂದು ಸರಳ ರೇಖೆಯನ್ನು ಹೊಂದಿಸಿ, ರೇಖೆಯಿಂದ ಪ್ರತಿ ಅಳತೆ ಎಷ್ಟು ದೂರ ಉಳಿಯಿತು ಎಂಬ ಶೇಷಗಳನ್ನು ಗಂಟೆಯಾಕಾರದ ಪ್ರಸಾಮಾನ್ಯ ವಿತರಣೆಯೊಡನೆ ಹೋಲಿಸುವ ಕ್ಯೂ-ಕ್ಯೂ ನಕ್ಷೆಯನ್ನು ಬಿಡಿಸಿದರೆ, ಬಲತುದಿಯ ಮೂರು ಚುಕ್ಕಿಗಳು ಗೆರೆಯನ್ನು ಬಿಟ್ಟು ಮೇಲಕ್ಕೆ ಏಳುತ್ತವೆ. ಶಾಪಿರೊ-ವಿಲ್ಕ್ ಪರೀಕ್ಷೆಯೂ p = 0.0215 ಎಂದು ಹೇಳಿ, ಶೇಷಗಳು ಪ್ರಸಾಮಾನ್ಯ ವಿತರಣೆಯವಲ್ಲವೆಂಬ ಅನುಮಾನವನ್ನು ಬಲಪಡಿಸುತ್ತದೆ. ಇಲ್ಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಹಲವರು ಇಡೀ ಲೆಕ್ಕವನ್ನೇ ಕೈಬಿಡುತ್ತಾರೆ. ಉಳಿದವರು ನಕ್ಷೆಯನ್ನು ನೋಡಿಯೇ ಇಲ್ಲವೆಂಬಂತೆ ಮುಂದೆ ಹೋಗುತ್ತಾರೆ. ಪ್ರಸಾಮಾನ್ಯತೆಯ ಷರತ್ತು ಈ ಲೆಕ್ಕದೊಳಗೆ ಯಾವ ಕೆಲಸಕ್ಕಾಗಿ ಬಂತು ಎಂಬುದು ತಿಳಿಯದಿದ್ದರೆ ಈ ಎರಡರಲ್ಲಿ ಯಾವುದು ತಪ್ಪೆಂದು ಹೇಳಲಾಗದು.

1809ರಲ್ಲಿ ಗೌಸ್ ಕನಿಷ್ಠ ವರ್ಗಗಳ ವಿಧಾನವನ್ನು ಸಮರ್ಥಿಸಲು ಪ್ರಸಾಮಾನ್ಯ ವಿತರಣೆಯನ್ನು ಆಧಾರವಾಗಿ ಬಳಸಿದನು. ಆದರೆ 1820ರ ದಶಕದ ಆರಂಭದಲ್ಲಿ ಅವನೇ ಆ ಆಧಾರವನ್ನು ಬದಿಗಿಟ್ಟು, ದೋಷಗಳ ಸರಾಸರಿ ಸೊನ್ನೆಯಾಗಿದ್ದು, ಅವುಗಳ ಚದುರುವಿಕೆ ಎಲ್ಲೆಡೆ ಒಂದೇ ಆಗಿದ್ದು, ಅವು ಪರಸ್ಪರ ಸಂಬಂಧವಿಲ್ಲದವಾಗಿದ್ದರೆ ಸಾಕು, ಒಂದು ಬದಿಗೆ ವಾಲದ ರೇಖೀಯ ಅಂದಾಜುಗಳಲ್ಲಿ ಕನಿಷ್ಠ ವರ್ಗಗಳ ಅಂದಾಜೇ ಅತಿ ಕಡಿಮೆ ಅಲುಗಾಡುವುದೆಂದು ತೋರಿಸಿದನು. ಎಂದರೆ ಇಳಿಜಾರನ್ನು ಅಂದಾಜು ಮಾಡುವ ಕೆಲಸಕ್ಕೆ ಗಂಟೆಯಾಕಾರದ ವಕ್ರರೇಖೆ ಬೇಕಿರಲಿಲ್ಲ. ಅದು ಮತ್ತೆ ಅಗತ್ಯವಾದದ್ದು 1908ರಲ್ಲಿ, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದಾಗ. ನಾಲ್ಕಾರು ಅಳತೆಗಳಷ್ಟೇ ಇರುವಾಗ ಸಂಭವನೀಯತೆಯನ್ನು ಕರಾರುವಾಕ್ಕಾಗಿ ಹೇಳಬೇಕೆಂದರೆ ದೋಷಗಳ ಆಕಾರವನ್ನು ಊಹಿಸಲೇಬೇಕಿತ್ತು. ಇಂದಿನ t ಕೋಷ್ಟಕ ಆ ಊಹೆಯ ಮೇಲೆಯೇ ನಿಂತಿದೆ.

ಊಹೆಯನ್ನು ಕಣ್ಣಿನಿಂದ ಪರೀಕ್ಷಿಸುವ ಉಪಾಯವಾದರೋ ಎಂಜಿನಿಯರುಗಳ ಕಡೆಯಿಂದ ಬಂತು. 1914ರಲ್ಲಿ ಅಮೆರಿಕದ ಅಲೆನ್ ಹೇಜನ್ ಜಲಾಶಯಗಳ ಸಂಗ್ರಹ ಸಾಮರ್ಥ್ಯವನ್ನು ಲೆಕ್ಕ ಹಾಕುವಾಗ, ಪ್ರಸಾಮಾನ್ಯ ದತ್ತಾಂಶ ನೇರ ಗೆರೆಯಾಗಿ ಕಾಣುವಂತೆ ಅಂತರಗಳನ್ನು ಹಿಗ್ಗಿಸಿ ಕುಗ್ಗಿಸಿದ ವಿಶೇಷ ಕಾಗದವನ್ನು ಬಳಕೆಗೆ ತಂದನು. 1968ರಲ್ಲಿ ಬೆಲ್ ಪ್ರಯೋಗಾಲಯದ ಮಾರ್ಟಿನ್ ವಿಲ್ಕ್ ಮತ್ತು ಭಾರತ ಮೂಲದ ರಾಮನಾಥನ್ ಜ್ಞಾನದೇಶಿಕನ್ ಈ ಬಗೆಯ ನಕ್ಷೆಗಳನ್ನು ಒಂದು ವ್ಯವಸ್ಥಿತ ವಿಧಾನವಾಗಿ ರೂಪಿಸಿದರು. ಇಂದು ಅದು ಎರಡು ಸಾಲಿನ ಕೆಲಸ:

```r
fit <- lm(dist ~ speed, data = cars)
r <- rstandard(fit); qqnorm(r); qqline(r)
```

ಇಲ್ಲಿ 50 ಶೇಷಗಳಲ್ಲಿ ಪ್ರತಿಯೊಂದನ್ನೂ ಅದರ ಮಾನಕ ದೋಷದಿಂದ ಭಾಗಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಪ್ರತಿಯೊಂದರ ಎದುರು, ಪ್ರಸಾಮಾನ್ಯ ದತ್ತಾಂಶವಾಗಿದ್ದರೆ ಆ ಸ್ಥಾನದಲ್ಲಿ ಹೆಚ್ಚುಕಡಿಮೆ ಯಾವ ಬೆಲೆ ಇರುತ್ತಿತ್ತು ಎಂಬುದನ್ನು ಇಡಲಾಗುತ್ತದೆ. ಅತಿ ದೊಡ್ಡ ಶೇಷ 49ನೆಯ ಅಳತೆಯದು, ಅದು 2.33ರ ಆಸುಪಾಸಿನಲ್ಲಿ ಇರಬೇಕಿತ್ತು, 2.92ರಲ್ಲಿದೆ. ಎರಡನೆಯದು 23ನೆಯ ಅಳತೆಯದು, 1.88 ಇರಬೇಕಾದಲ್ಲಿ 2.80 ಇದೆ. ಈಗ ಎಡತುದಿಯನ್ನು ನೋಡಬೇಕು, ಇದನ್ನು ಮರೆಯುವವರೇ ಹೆಚ್ಚು. ಅತಿ ಚಿಕ್ಕ ಶೇಷ −2.33ರ ಬಳಿ ಇರಬೇಕಿತ್ತು, ಆದರೆ −1.92ಕ್ಕೇ ನಿಂತಿದೆ; ಅಂದರೆ ಅಲ್ಲಿಯೂ ಚುಕ್ಕಿ ಎತ್ತರದಲ್ಲಿದೆ. ಎರಡೂ ತುದಿ ಮೇಲಕ್ಕೆ ಬಾಗಿದರೆ ವಿತರಣೆಯ ಬಲಬಾಲ ಉದ್ದ, ಎಡಬಾಲ ಮೊಟಕು ಎಂದರ್ಥ. ಎಡತುದಿ ಕೆಳಕ್ಕೂ ಬಲತುದಿ ಮೇಲಕ್ಕೂ ಚಾಚಿದ್ದರೆ ಎರಡು ಬಾಲಗಳೂ ಭಾರವಾಗಿವೆಯೆಂದು ಓದಬೇಕಿತ್ತು, ಅದು ಬೇರೆಯೇ ರೋಗ.

ಆದರೆ ತುದಿಯ ಚುಕ್ಕಿಗಳು ಸ್ವಭಾವತಃ ಚಂಚಲ. ಅಪ್ಪಟ ಪ್ರಸಾಮಾನ್ಯ ವಿತರಣೆಯಿಂದ `rnorm(50)` ಎಂದು ಒಂಬತ್ತು ಬಾರಿ ಸಂಖ್ಯೆಗಳನ್ನು ತೆಗೆದು ಒಂಬತ್ತು ನಕ್ಷೆಗಳನ್ನು ಬಿಡಿಸಿ ನೋಡಿದರೆ, ಅವುಗಳಲ್ಲೂ ಒಂದೆರಡರ ತುದಿ ಗೆರೆ ಬಿಟ್ಟಿರುವುದು ಕಾಣುತ್ತದೆ. ನಮ್ಮ ನಕ್ಷೆಯನ್ನು ಆ ಗುಂಪಿನೊಳಗೆ ಸೇರಿಸಿ, ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ತೋರಿಸಿ, ಬೇರೆಯಾಗಿರುವುದು ಯಾವುದೆಂದು ಕೇಳುವುದು ಯಾವ p ಬೆಲೆಗಿಂತಲೂ ಪ್ರಾಮಾಣಿಕವಾದ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ.

ನಕ್ಷೆ ನಿಜಕ್ಕೂ ಬಾಗಿದೆ ಎಂದೇ ಇಟ್ಟುಕೊಂಡರೂ ಅದರಿಂದ ಯಾವ ಲೆಕ್ಕ ಕೆಡುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. 1953ರಲ್ಲಿ ಜಾರ್ಜ್ ಬಾಕ್ಸ್ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಸಲ್ಲುತ್ತದೆ. ಸರಾಸರಿಗಳನ್ನು ಹೋಲಿಸುವ ಪರೀಕ್ಷೆಗಳು ಪ್ರಸಾಮಾನ್ಯತೆ ತಪ್ಪಿದರೂ ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಚದುರುವಿಕೆಗಳನ್ನು ಹೋಲಿಸುವ ಪರೀಕ್ಷೆಗಳಾದರೋ ತಾಳುವುದಿಲ್ಲ. ಆದ್ದರಿಂದ ಮೊದಲನೆಯದಕ್ಕೆ ಪೀಠಿಕೆಯಾಗಿ ಎರಡನೆಯದನ್ನು ಮಾಡುವುದು, ದೊಡ್ಡ ಹಡಗು ಬಂದರು ಬಿಡುವಷ್ಟು ಸಮುದ್ರ ಶಾಂತವಾಗಿದೆಯೇ ಎಂದು ನೋಡಲು ಹುಟ್ಟುದೋಣಿಯನ್ನು ಕಳಿಸಿದಂತೆ ಎಂದು ಅವರು ಬರೆದರು. ಇಳಿಜಾರೆಂಬುದು 50 ಅಳತೆಗಳ ತೂಕದ ಮೊತ್ತ. ಯಾವ ಒಂದು ಅಳತೆಯ ತೂಕವೂ ಮಿತಿಮೀರದಿದ್ದರೆ ಮೊತ್ತದ ವಿತರಣೆ ತಾನಾಗಿ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆ. ಇಲ್ಲಿ ಇಳಿಜಾರು 3.93, ಅದರ ಮಾನಕ ದೋಷ 0.42, t 9.46. ನಕ್ಷೆಯ ಬಾಗು ಈ ತೀರ್ಮಾನವನ್ನು ಅಲ್ಲಾಡಿಸಲಾರದು. ಶಾಪಿರೊ-ವಿಲ್ಕ್‌ನಂಥ ಪರೀಕ್ಷೆಗಳ ವಿಪರ್ಯಾಸವೂ ಇದೇ: ಸಾವಿರಾರು ಅಳತೆಗಳಿದ್ದು ಪ್ರಸಾಮಾನ್ಯತೆ ಬೇಕಿಲ್ಲದಾಗ ಅವು ಅತಿ ಸಣ್ಣ ಬಾಗನ್ನೂ ಹಿಡಿದು ಗದ್ದಲ ಮಾಡುತ್ತವೆ, ಹತ್ತೇ ಅಳತೆಗಳಿದ್ದು ಅದು ನಿಜಕ್ಕೂ ಬೇಕಾದಾಗ ಬಹುತೇಕ ಮೌನವಾಗಿರುತ್ತವೆ.

ಲೆಕ್ಕ ಕೆಡುವುದು ಒಂದೊಂದು ಕಾರಿನ ಬಗ್ಗೆ ಮಾತನಾಡಹೊರಟಾಗ. ಗಂಟೆಗೆ 10 ಮೈಲಿ ವೇಗದ ಕಾರು ಎಷ್ಟು ದೂರದಲ್ಲಿ ನಿಂತೀತು ಎಂದು ಕೇಳಿದರೆ, ಇದೇ ರೇಖೆ 95 ಶೇಕಡಾ ಮುನ್ಸೂಚನೆಯ ವ್ಯಾಪ್ತಿಯಾಗಿ −9.8 ಅಡಿಯಿಂದ 53.3 ಅಡಿ ಎಂದು ಹೇಳುತ್ತದೆ. ಬ್ರೇಕ್ ಒತ್ತಿದ ಕಾರು ಸುಮಾರು ಹತ್ತಡಿ ಹಿಂದಕ್ಕೆ ಹೋಗಿ ನಿಲ್ಲುವುದಂತೂ ಸಾಧ್ಯವಿಲ್ಲ. ಒಂದೇ ಅಳತೆಯ ದೋಷದಲ್ಲಿ ಸರಾಸರಿಯ ರಕ್ಷಣೆ ಇರುವುದಿಲ್ಲ. ದೋಷದ ಆಕಾರ ಹೇಗಿದೆಯೋ ವ್ಯಾಪ್ತಿಯ ಆಕಾರವೂ ಹಾಗೇ ಇರಬೇಕು, ಅಳತೆಗಳನ್ನು ಎಷ್ಟು ಹೆಚ್ಚಿಸಿದರೂ ಈ ತೊಂದರೆ ಕರಗುವುದಿಲ್ಲ.

ಆದರೂ ಇಲ್ಲಿಯ ಮೂಲ ದೋಷ ಆಕಾರದ್ದೇ ಎಂದು ಆತುರಪಡಬಾರದು. ಶೇಷಗಳನ್ನು ಅಂದಾಜು ಬೆಲೆಗಳ ಎದುರು ಇಟ್ಟು ನೋಡಿದರೆ, ವೇಗ ಹೆಚ್ಚಿದಂತೆ ಅವುಗಳ ಚದುರುವಿಕೆಯೂ ಹೆಚ್ಚುವ ಒಲವು ಕಾಣುತ್ತದೆ. ಕಡಿಮೆ ಚದುರಿದ ಶೇಷಗಳನ್ನೂ ಹೆಚ್ಚು ಚದುರಿದವನ್ನೂ ಒಂದೇ ರಾಶಿಗೆ ಹಾಕಿದರೆ, ಬಿಡಿಬಿಡಿಯಾಗಿ ಪ್ರಸಾಮಾನ್ಯವಾಗಿದ್ದವೂ ಒಟ್ಟಾಗಿ ಉದ್ದ ಬಾಲದವಾಗಿ ತೋರುತ್ತವೆ. ಹೀಗಾಗಿ ರೇಖೆಯ ಬಾಗು ಮತ್ತು ಚದುರುವಿಕೆಗಳನ್ನು ಮೊದಲು ನೋಡಿ, ಕ್ಯೂ-ಕ್ಯೂ ನಕ್ಷೆಯನ್ನು ಆಮೇಲೆ ಓದುವುದು ಸರಿಯಾದ ಕ್ರಮ. ಈ ದತ್ತಾಂಶದಲ್ಲಿ ದೂರದ ಬದಲು ಅದರ ವರ್ಗಮೂಲವನ್ನು ತೆಗೆದುಕೊಂಡು `lm(sqrt(dist) ~ speed, data = cars)` ಎಂದು ಮತ್ತೆ ಹೊಂದಿಸಿದರೆ, 10 ಮೈಲಿ ವೇಗಕ್ಕೆ ಸಿಗುವ ವ್ಯಾಪ್ತಿಯನ್ನು ವರ್ಗ ಮಾಡಿದಾಗ 5.0 ಅಡಿಯಿಂದ 45.7 ಅಡಿ ಬರುತ್ತದೆ.

ಹೊಸ ನಕ್ಷೆಯಲ್ಲಿ 49ನೆಯ ಅಳತೆಯ ಶೇಷ ಸುಮಾರು 1.8ಕ್ಕೆ ಇಳಿದು ಉಳಿದವುಗಳ ನಡುವೆ ಸೇರಿಹೋಗುತ್ತದೆ; ಅದು ಎದ್ದು ಕಂಡದ್ದಕ್ಕೆ ವೇಗದೊಡನೆ ಬೆಳೆಯುವ ಚದುರುವಿಕೆಯೇ ಮುಖ್ಯ ಕಾರಣ. 23ನೆಯದು ಮಾತ್ರ 2.9ರ ಬಳಿಯೇ ಉಳಿಯುತ್ತದೆ. ಗಂಟೆಗೆ 14 ಮೈಲಿ ವೇಗದಲ್ಲಿ ತೆಗೆದ ನಾಲ್ಕು ಅಳತೆಗಳು 26, 36, 60 ಮತ್ತು 80 ಅಡಿ. ಆ 80 ಅಡಿಯ ಕಾರಿನ ಬ್ರೇಕ್ ಸವೆದಿತ್ತೋ, ರಸ್ತೆ ಒದ್ದೆಯಾಗಿತ್ತೋ, ಅಥವಾ ಬರೆದುಕೊಂಡವರ ಕೈ ತಪ್ಪಿತ್ತೋ, ನಕ್ಷೆ ಹೇಳುವುದಿಲ್ಲ.