ಬ್ಯಾಂಕಿನ ಮೊತ್ತಕ್ಕೂ ನನ್ನ ಪುಸ್ತಕಕ್ಕೂ 11,700 ವ್ಯತ್ಯಾಸ ಬರ್ತಿದೆ, ನೋಡಿಕೊಡಿ

ಲೆಕ್ಕ ನೋಡುವ ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಬರುವ ಪತ್ರ ಒಂದಿದೆ. ಬರೆಯುವವರು ಬೇರೆ ಬೇರೆ, ಮಾತು ಮಾತ್ರ ಹೆಚ್ಚುಕಡಿಮೆ ಒಂದೇ. ಈಚೆಗೆ ಬಂದದ್ದನ್ನು, ಬರೆದವರನ್ನು ಕೇಳಿ, ಅಂಕಿಗಳನ್ನು ಬದಲಿಸಿ ಇಲ್ಲಿ ಕೊಡುತ್ತಿದ್ದೇನೆ.

"ಮೇಡಂ, ಏಪ್ರಿಲ್ 1ರಿಂದ ಜೂನ್ 30ರವರೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹೊರಗೆ ಹೋದ ಒಟ್ಟು ಹಣ 1,86,420. ನಾನು ಬರೆದಿಟ್ಟ ಮನೆ ಲೆಕ್ಕದಲ್ಲಿ ಒಟ್ಟು ಖರ್ಚು 1,74,720. ವ್ಯತ್ಯಾಸ 11,700. ವ್ಯತ್ಯಾಸವನ್ನು 9ರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಅಂತ ಓದಿದ್ದೆ. ಇದರಲ್ಲಿ ಶೇಷ ಉಳಿಯುವುದಿಲ್ಲ. ಎರಡು ರಾತ್ರಿ ಕೂತು ಹುಡುಕಿದೆ, ಸಿಗಲಿಲ್ಲ. ದಯವಿಟ್ಟು ತಪ್ಪು ಎಲ್ಲಿದೆ ಹೇಳಿ."

ಅವರು ಹೇಳಿದ 9ರ ಲೆಕ್ಕ ಸರಿಯಾದದ್ದೇ. ಅದನ್ನು ಬಳಸಿದ ಜಾಗ ಮಾತ್ರ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ 11,700 ಏನು ಅಂತ ನೋಡೋಣ. ಪತ್ರ ಬರೆದವರು ಇದನ್ನು ಒಂದು ತಪ್ಪು ಅಂದುಕೊಂಡಿದ್ದರು, 11,700ರ ಒಂದು ನಮೂದು ಎಲ್ಲೋ ಬಿಟ್ಟುಹೋಗಿದೆ ಅನ್ನುವ ಹಾಗೆ. ಮೂರು ತಿಂಗಳ ಲೆಕ್ಕದಲ್ಲಿ ವ್ಯತ್ಯಾಸ ಹಾಗೆ ಒಂದೇ ಇಡಿ ಕಾಯಿಯಾಗಿ ಸಿಗುವುದು ಅಪರೂಪ. ಕೆಲವು ಸಾಲುಗಳು ಬ್ಯಾಂಕಿನ ಮೊತ್ತವನ್ನು ಜಾಸ್ತಿ ಮಾಡಿರುತ್ತವೆ, ಕೆಲವು ಪುಸ್ತಕದ ಮೊತ್ತವನ್ನು ಜಾಸ್ತಿ ಮಾಡಿರುತ್ತವೆ, ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಉಳಿದದ್ದೇ ಈ 11,700. ಆ ಮೊತ್ತವನ್ನೇ ಹುಡುಕುತ್ತಾ ಕೂತರೆ ಎಷ್ಟು ರಾತ್ರಿ ಕೂತರೂ ಸಿಗುವುದಿಲ್ಲ, ಏಕೆಂದರೆ ಅಂಥ ಸಾಲು ಎಲ್ಲೂ ಇಲ್ಲ.

ಇನ್ನೊಂದು ಮಾತು. ಬ್ಯಾಂಕಿನ "ಹೊರಗೆ ಹೋದ ಒಟ್ಟು ಹಣ" ಮತ್ತು ಪುಸ್ತಕದ "ಒಟ್ಟು ಖರ್ಚು" ಎರಡೂ ಒಂದೇ ಅಲ್ಲ. ಖಾತೆಯಿಂದ ಹಣ ಹೊರಗೆ ಹೋದದ್ದು ಮಾತ್ರ ಬ್ಯಾಂಕಿಗೆ ಗೊತ್ತು. ಅದು ಖರ್ಚಾಯಿತೋ, ನಿಮ್ಮದೇ ಇನ್ನೊಂದು ಖಾತೆಗೆ ಹೋಯಿತೋ, ಪರ್ಸಿನಲ್ಲೇ ಕೂತಿದೆಯೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಯಾರೂ ಒಂದೂ ತಪ್ಪು ಮಾಡದಿದ್ದರೂ ಈ ಎರಡು ಮೊತ್ತ ಬೇರೆ ಬೇರೆ ಬರಬಹುದು.

ನಾನು ಅವರಿಗೆ ಒಂದೇ ಕೆಲಸ ಹೇಳಿದೆ. ಮೊತ್ತಗಳನ್ನು ಪಕ್ಕಕ್ಕಿಡಿ. ಸ್ಟೇಟ್‌ಮೆಂಟಿನ ಒಂದೊಂದೇ ಸಾಲು ಓದಿ, ಅದೇ ಮೊತ್ತದ ನಮೂದು ಪುಸ್ತಕದಲ್ಲಿ ಸಿಕ್ಕರೆ ಎರಡೂ ಕಡೆ ಟಿಕ್ ಹಾಕಿ. ತಾರೀಖು ಎರಡು ಮೂರು ದಿನ ಆಚೆ ಈಚೆ ಇದ್ದರೆ ಚಿಂತೆ ಬೇಡ, ಆದರೆ ಮೊತ್ತ ಪೂರ್ತಿ ಹೊಂದಬೇಕು. "ಹತ್ತಿರ ಹತ್ತಿರ ಇದೆ" ಅಂತ ಟಿಕ್ ಹಾಕಬೇಡಿ. ಎಲ್ಲ ಮುಗಿದ ಮೇಲೆ ಟಿಕ್ ಇಲ್ಲದೆ ಉಳಿದ ಸಾಲುಗಳನ್ನು ಮಾತ್ರ, ಬ್ಯಾಂಕಿನದು ಒಂದು ಹಾಳೆಯಲ್ಲಿ, ಪುಸ್ತಕದ್ದು ಇನ್ನೊಂದು ಹಾಳೆಯಲ್ಲಿ ಬರೆದು ಕಳಿಸಿ. ಜೊತೆಗೆ ಏಪ್ರಿಲ್ 1ರ ಬೆಳಿಗ್ಗೆ ಮತ್ತು ಜೂನ್ 30ರ ರಾತ್ರಿ ಮನೆಯಲ್ಲಿ ನಗದು ಎಷ್ಟಿತ್ತು ಅಂತ ಬೇಕು.

ಆ ಎರಡು ಹಾಳೆ ಬಂದ ಮೇಲೆ ಕೆಲಸ ಅರ್ಧ ಗಂಟೆಯದ್ದಾಯಿತು. ಬ್ಯಾಂಕಿನ ಹಾಳೆಯಲ್ಲಿ 10,000ದ ಒಂದು ಸಾಲಿತ್ತು. ಅದು ಅವರದೇ ಉಳಿತಾಯ ಖಾತೆಗೆ ಹಾಕಿದ್ದು, ಖರ್ಚಲ್ಲ. ಪುಸ್ತಕದಲ್ಲಿ ಬರೆಯದೇ ಇದ್ದದ್ದು ಸರಿಯೇ. ಇನ್ನೊಂದು 3,150, ಕಾರ್ಡಿನಲ್ಲಿ ಕೊಂಡು ವಾಪಸ್ ಕೊಟ್ಟ ವಸ್ತುವಿನದ್ದು. ಹಣ ಮರಳಿ ಬಂದಿತ್ತು, ಆದರೆ ಅದು ಬ್ಯಾಂಕಿನಲ್ಲಿ ಒಳಗೆ ಬಂದ ಹಣದ ಕಡೆ ಕೂತಿತ್ತು. ಹೊರಗೆ ಹೋದ ಹಣದ ಮೊತ್ತವನ್ನು ಮಾತ್ರ ನೋಡಿದರೆ ಆ ರಿಫಂಡ್ ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ?

ಆಮೇಲೆ ಎರಡು ಚೆಕ್. ಮಾರ್ಚ್ ಕೊನೆಗೆ ಬರೆದ 4,800ರ ಚೆಕ್ ಬ್ಯಾಂಕಿನಲ್ಲಿ ಏಪ್ರಿಲ್ 2ಕ್ಕೆ ಪಾಸಾಗಿದೆ. ಪುಸ್ತಕದಲ್ಲಿ ಅದು ಮಾರ್ಚ್ ಖರ್ಚು, ಬ್ಯಾಂಕಿನಲ್ಲಿ ಏಪ್ರಿಲ್ ಖರ್ಚು. ಇದಕ್ಕೆ ಉಲ್ಟಾ, ಜೂನ್ 28ರಂದು ಬರೆದ 6,200ರ ಚೆಕ್ ಪುಸ್ತಕದಲ್ಲಿದೆ, ಜೂನ್ 30ರವರೆಗೂ ಬ್ಯಾಂಕಿಗೆ ಬಂದಿಲ್ಲ. ಎರಡೂ ತಪ್ಪಲ್ಲ. ನಾವು ಗೆರೆ ಎಳೆದ ತಾರೀಖಿನ ಎರಡು ಬದಿಗೆ ಬಿದ್ದಿವೆ, ಅಷ್ಟೆ. ಆದರೆ ಒಂದು ಬ್ಯಾಂಕಿನ ಮೊತ್ತವನ್ನು ಹೆಚ್ಚಿಸಿದೆ, ಇನ್ನೊಂದು ಪುಸ್ತಕದ ಮೊತ್ತವನ್ನು.

ಹೆಚ್ಚು ಹೊತ್ತು ಬೇಕಾಗಿದ್ದು ನಗದಿಗೆ. ಮನೆ ಲೆಕ್ಕದಲ್ಲಿ ಜನ ಸೋಲುವ ಜಾಗ ಇದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರು ತಿಂಗಳಲ್ಲಿ ಅವರು ಎಟಿಎಂನಿಂದ ತೆಗೆದದ್ದು 12,000. ಬ್ಯಾಂಕಿಗೆ ಅದಷ್ಟೂ ಹೊರಗೆ ಹೋದ ಹಣ. ಪುಸ್ತಕದಲ್ಲಿ ನಗದು ಖರ್ಚು ಅಂತ ಬರೆದದ್ದು 10,250. ಇಲ್ಲಿ 1,750 ವ್ಯತ್ಯಾಸ. ಇದರಲ್ಲಿ ಎಷ್ಟು ನಿಜವಾಗಿ ಕಾಣೆಯಾಗಿದೆ ಅಂತ ತಿಳಿಯಲು ನಗದಿನ ಶಿಲ್ಕು ಬೇಕೇ ಬೇಕು. ಶುರುವಿನಲ್ಲಿ ಕೈಯಲ್ಲಿದ್ದದ್ದು 1,100, ತೆಗೆದದ್ದು 12,000, ಒಟ್ಟು 13,100. ಕೊನೆಯಲ್ಲಿ ಎಣಿಸಿದಾಗ ಇದ್ದದ್ದು 2,400. ಅಂದರೆ ಖರ್ಚಾದದ್ದು 10,700. ಬರೆದದ್ದು 10,250. ಹಾಗಾಗಿ ಬರೆಯದೆ ಬಿಟ್ಟದ್ದು 450 ಮಾತ್ರ, ಉಳಿದ 1,300 ಪರ್ಸಿನಲ್ಲಿ ಹೆಚ್ಚಾಗಿ ಕೂತಿದೆ. ಆ ಎರಡು ಎಣಿಕೆ ಇಲ್ಲದಿದ್ದರೆ ನಾನೂ ಏನೂ ಹೇಳಲು ಆಗುತ್ತಿರಲಿಲ್ಲ. ಅವರು ಪ್ರತಿ ತಿಂಗಳ ಕೊನೆಗೆ ನಗದು ಎಣಿಸಿ ಪುಸ್ತಕದ ಮೂಲೆಯಲ್ಲಿ ಬರೆದಿಡುತ್ತಿದ್ದರು. ಅದಕ್ಕೆ ನಾನು ನಿಜವಾಗಿ ಮೆಚ್ಚಿದೆ.

ಈಗ ಇದುವರೆಗಿನದನ್ನು ಕೂಡಿಸೋಣ. ಬ್ಯಾಂಕಿನ ಕಡೆ ಜಾಸ್ತಿ ಮಾಡಿದ್ದು 10,000, 3,150, 4,800 ಮತ್ತು 1,750, ಒಟ್ಟು 19,700. ಪುಸ್ತಕದ ಕಡೆ ಜಾಸ್ತಿ ಮಾಡಿದ್ದು 6,200. ಕಳೆದರೆ 13,500. ಆದರೆ ವ್ಯತ್ಯಾಸ ಇರುವುದು 11,700. ಅಂದರೆ ಪುಸ್ತಕದಲ್ಲಿ ಇನ್ನೂ 1,800 ಎಲ್ಲೋ ಜಾಸ್ತಿ ಬರೆದಿದೆ.

9ರ ಲೆಕ್ಕಕ್ಕೆ ಸರಿಯಾದ ಜಾಗ ಇದು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಆದರೆ ಕಾರಣ ಗೊತ್ತಿರುವ ಸಾಲುಗಳನ್ನೆಲ್ಲ ತೆಗೆದ ಮೇಲೆ ಉಳಿದದ್ದಕ್ಕೆ ಮಾತ್ರ ಅದನ್ನು ಹಚ್ಚಿ ನೋಡಬೇಕು. ಆರು ಕಾರಣ ಬೆರೆತ 11,700ಕ್ಕೆ ಹಚ್ಚಿದರೆ ಅರ್ಥವಿಲ್ಲ. ಯಾವ ಸಂಖ್ಯೆ ತೆಗೆದುಕೊಂಡರೂ ಒಂಬತ್ತರಲ್ಲಿ ಒಂದು 9ರಿಂದ ಭಾಗವಾಗಿಯೇ ಆಗುತ್ತದೆ. ಇವರಿಗೆ ಸುಮ್ನೆ ಹಾಗೆ ಕೂಡಿಬಂದಿತ್ತು, ಎರಡು ರಾತ್ರಿ ನಿದ್ದೆ ಹೋಯಿತು.

1,800 ಅಂದರೆ 900ರ ಎರಡು ಪಟ್ಟು. ಸಾವಿರ ಮತ್ತು ನೂರರ ಸ್ಥಾನದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ 900ರ ಲೆಕ್ಕದಲ್ಲಿ ಬರುತ್ತದೆ. ಎರಡು ಪಟ್ಟು ಅಂದರೆ ಆ ಎರಡು ಅಂಕಿಗಳ ನಡುವೆ 2ರ ಅಂತರ. ಪುಸ್ತಕದಲ್ಲೇ ಜಾಸ್ತಿ ಇರುವುದರಿಂದ ಅಲ್ಲಿ ದೊಡ್ಡ ಅಂಕಿ ಮುಂದೆ ಬಂದಿರಬೇಕು. ಅವರ ಎರಡೂ ಹಾಳೆ ನೋಡಿದರೆ ಪುಸ್ತಕದ್ದರಲ್ಲಿ 5,310, ಬ್ಯಾಂಕಿನದ್ದರಲ್ಲಿ 3,510, ಒಂದೇ ವಾರದ್ದು. ಪೂರ್ತಿ ಹೊಂದದೆ ಟಿಕ್ ಹಾಕಬೇಡಿ ಅಂದದ್ದು ಇದಕ್ಕೇ. ಇನ್ನೂ ಒಂದು ಮಾತು: ಉಳಿದದ್ದು 9ರಿಂದ ಭಾಗವಾಗದೇ ಇದ್ದರೆ ಅದನ್ನು ಅರ್ಧ ಮಾಡಿ ಆ ಮೊತ್ತ ಹುಡುಕಿ. ಬಂದ ಹಣವನ್ನು ಹೋದದ್ದು ಅಂತ ಬರೆದಿದ್ದರೆ ಶಿಲ್ಕಿನಲ್ಲಿ ವ್ಯತ್ಯಾಸ ದುಪ್ಪಟ್ಟಾಗಿ ಕಾಣುತ್ತದೆ.

ಸರಿಯಾಯಿತೋ ಇಲ್ಲವೋ ಅಂತ ತಿಳಿಯಲು ಎರಡೂ ಕಡೆಯಿಂದ ನಡೆದುಬಂದು ಒಂದೇ ಮೊತ್ತ ಮುಟ್ಟಬೇಕು. ಪುಸ್ತಕದ 1,74,720ರಲ್ಲಿ ತಪ್ಪಾದ 1,800 ಕಳೆದು, ಬಿಟ್ಟ 450 ಸೇರಿಸಿದರೆ 1,73,370. ಬ್ಯಾಂಕಿನ 1,86,420ರಲ್ಲಿ ಉಳಿತಾಯ ಖಾತೆಯ 10,000, ರಿಫಂಡಿನ 3,150, ಪರ್ಸಿನ 1,300, ಹಳೇ ಚೆಕ್ಕಿನ 4,800 ಕಳೆದು, ಹೊಸ ಚೆಕ್ಕಿನ 6,200 ಸೇರಿಸಿದರೆ ಅದೂ 1,73,370. ಅವರ ಮೂರು ತಿಂಗಳ ನಿಜವಾದ ಖರ್ಚು ಅದು, ಬ್ಯಾಂಕು ಹೇಳಿದ್ದೂ ಅಲ್ಲ, ಪುಸ್ತಕ ಹೇಳಿದ್ದೂ ಅಲ್ಲ. ಇಷ್ಟೆಲ್ಲದರಲ್ಲಿ ನಿಜವಾಗಿ ತಪ್ಪು ಅನ್ನಬಹುದಾದದ್ದು ಎರಡೇ, ಅದಲುಬದಲಾದ ಅಂಕಿ ಮತ್ತು ಬರೆಯದ 450.

ಎರಡೂ ಕಡೆ ಹೊಂದಿತು ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ನೀವು ಕೊಡದೇ ಇದ್ದ ಹಣ ಬ್ಯಾಂಕಿನಿಂದ ಹೋಗಿದ್ದು, ಅದೇ ಮೊತ್ತದ ಬೇರೆ ಖರ್ಚಿಗೆ ನೀವು ಟಿಕ್ ಹಾಕಿಬಿಟ್ಟಿದ್ದರೆ ಮೊತ್ತ ಏನೂ ಹೇಳುವುದಿಲ್ಲ. ಟಿಕ್ ಹಾಕುವಾಗ ಹಣ ಯಾರಿಗೆ ಹೋಗಿದೆ ಅನ್ನುವುದನ್ನೂ ಓದಿ. ಗುರುತಿಲ್ಲದ ಹೆಸರು ಸಿಕ್ಕರೆ ನನಗೆ ಪತ್ರ ಬರೆದು ಕಾಯಬೇಡಿ, ಅದೇ ದಿನ ಬ್ಯಾಂಕಿಗೆ ಹೇಳಿ.

ಇಂಥ ಪತ್ರ ಬರೆಯುವುದಿದ್ದರೆ ಹೀಗೆ ಬರೆಯಿರಿ. ಲೆಕ್ಕ ನೋಡುವ ಯಾರಿಗಾದರೂ ಇಷ್ಟು ಸಾಕು:

"ಏಪ್ರಿಲ್ 1ರಿಂದ ಜೂನ್ 30ರವರೆಗಿನ ಲೆಕ್ಕ, ಒಂದೇ ಖಾತೆ, ನಂಬರಿನ ಕೊನೆಯ ನಾಲ್ಕು ಅಂಕಿ ಇವು. ಬ್ಯಾಂಕಿನ ಆರಂಭದ ಶಿಲ್ಕು ಇಷ್ಟು, ಕೊನೆಯ ಶಿಲ್ಕು ಇಷ್ಟು. ಕೈಯಲ್ಲಿದ್ದ ನಗದು ಶುರುವಿಗೆ 1,100, ಕೊನೆಗೆ 2,400. ಸಾಲು ಸಾಲಾಗಿ ಟಿಕ್ ಹಾಕಿದ್ದೇನೆ. ಬ್ಯಾಂಕಿನಲ್ಲಿದ್ದು ನನ್ನಲ್ಲಿ ಇಲ್ಲದ ಸಾಲುಗಳು ಮೊದಲ ಹಾಳೆಯಲ್ಲಿವೆ, ನನ್ನಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದವು ಎರಡನೆಯದರಲ್ಲಿವೆ. ನನಗೆ ಕಾರಣ ಗೊತ್ತಿರುವವಕ್ಕೆ ಪಕ್ಕದಲ್ಲಿ ಬರೆದಿದ್ದೇನೆ. ಗೊತ್ತಿಲ್ಲದೆ ಉಳಿದದ್ದು ಇವಿಷ್ಟು."

ಪಿನ್, ಪಾಸ್‌ವರ್ಡ್ ಯಾರಿಗೂ ಕಳಿಸಬೇಡಿ, ಈ ಕೆಲಸಕ್ಕೆ ಅವು ಬೇಡವೇ ಬೇಡ.

ಆ 450ನ್ನು ಏನು ಮಾಡಲಿ ಅಂತ ಅವರು ಕೇಳಿದರು, ತರಕಾರಿಗೋ ಪ್ರಯಾಣಕ್ಕೋ ಸೇರಿಸಿಬಿಡಲಾ ಅಂತ. ಬೇಡ ಅಂದೆ. "ಲೆಕ್ಕಕ್ಕೆ ಸಿಗದ ನಗದು" ಅಂತ ಒಂದು ಸಾಲು ಮಾಡಿ ಅಲ್ಲೇ ಬರೆಯಿರಿ, ಮುಂದಿನ ಮೂರು ತಿಂಗಳಲ್ಲೂ ಅದು ಅಷ್ಟೇ ಇದೆಯೋ ಬೆಳೆಯುತ್ತಿದೆಯೋ ಗೊತ್ತಾಗುತ್ತದೆ. 6,200ರ ಚೆಕ್ಕನ್ನು ಜುಲೈ ಹಾಳೆಯ ಮೊದಲ ಸಾಲಾಗಿ ಬರೆದುಕೊಳ್ಳಲು ಹೇಳಿದ್ದೇನೆ. ಜುಲೈ ಸ್ಟೇಟ್‌ಮೆಂಟ್ ಬಂದಾಗ ಅದು ಪಾಸಾಗಿದೆಯಾ ಅಂತ ಮೊದಲು ನೋಡಬೇಕು, ಆಗಿಲ್ಲದಿದ್ದರೆ ಚೆಕ್ ತೆಗೆದುಕೊಂಡವರನ್ನು ಕೇಳಬೇಕು.